ಆಡಿಯೋ ನಿಮಿಷಕ್ಕೆ ಇಷ್ಟು ಎಂಬ ತಪ್ಪು ಲೆಕ್ಕ

ಸಬ್‌ಟೈಟಲ್ ಮತ್ತು ಟ್ರಾನ್ಸ್‌ಕ್ರಿಪ್ಷನ್ ಕೆಲಸದ ಬಗ್ಗೆ ಒಂದು ಅಭಿಪ್ರಾಯ ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂದರೆ, ಕೆಲಸ ಕೊಡುವವರೂ ಮಾಡುವವರೂ ಅದನ್ನು ಪ್ರಶ್ನಿಸುವುದೇ ಇಲ್ಲ. ಇದು ಕೇಳಿದ್ದನ್ನು ಟೈಪ್ ಮಾಡುವ ಕೆಲಸ, ಮನೆಮಾತು ಬಂದರೆ ಸಾಕು. ಆಡಿಯೋ ಎಷ್ಟು ನಿಮಿಷವೋ ಅಷ್ಟು ದುಡ್ಡು. ನಿಖರತೆ ಶೇಕಡಾ 99 ಇರಬೇಕು, ಕಡಿಮೆಯಾದರೆ ಫೈಲ್ ವಾಪಸ್. ಈಗಂತೂ ಯಂತ್ರವೇ ಕರಡು ತಯಾರಿಸಿಕೊಡುತ್ತದೆ, ಮನುಷ್ಯ ತಿದ್ದಿದರೆ ಮುಗಿಯಿತು, ಆದ್ದರಿಂದ ಅರ್ಧ ರೇಟ್. ಮೇಲುನೋಟಕ್ಕೆ ಇದೆಲ್ಲ ನ್ಯಾಯವಾಗಿಯೇ ಕಾಣುತ್ತದೆ. ಎಲ್ಲ ಭಾಷೆಗೂ ಒಂದೇ ಅಳತೆ, ಎಲ್ಲರಿಗೂ ಒಂದೇ ದರ, ಪಕ್ಷಪಾತವಿಲ್ಲ ಎಂದು ಸಮರ್ಥಿಸುವವರೂ ಇದ್ದಾರೆ. ನನ್ನ ವಾದ ಇದಕ್ಕೆ ತೀರಾ ವಿರುದ್ಧ. ಈ ಎರಡೂ ಅಳತೆಗಳು, ಅಂದರೆ ನಿಮಿಷದ ದರ ಮತ್ತು ಶೇಕಡಾವಾರು ನಿಖರತೆ, ಕನ್ನಡದಲ್ಲಿ ಅಳೆಯಬೇಕಾದ್ದನ್ನು ಅಳೆಯುತ್ತಿಲ್ಲ. ಅದರಿಂದ ಕೆಲಸಗಾರರ ಸಂಪಾದನೆಯೂ ಹಾಳು, ಕೆಲಸದ ಗುಣವೂ ಹಾಳು.

ನಾನಿರುವುದು ನಾಗಪುರದ ಬಜಾಜ್ ನಗರದಲ್ಲಿ. ನಮ್ಮ ವಿಶ್ವೇಶ್ವರಯ್ಯನವರ ಹೆಸರಿನಲ್ಲಿ 1960ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜು, ಈಗಿನ ವಿಎನ್‌ಐಟಿ, ಇಲ್ಲೇ ಪಕ್ಕದಲ್ಲಿದೆ. ನಾನು ಮಾಡುವ ಕನ್ನಡ ಫೈಲುಗಳು ಇಷ್ಟು ದೂರ ಬರುವುದು ಇಂಟರ್‌ನೆಟ್ಟಿನ ದಾರಿಯಲ್ಲಿ. ಇದೇ ಬಡಾವಣೆಯಲ್ಲಿ ಮರಾಠಿ, ಹಿಂದಿ ಫೈಲುಗಳನ್ನು ಮನೆಯಲ್ಲೇ ಕೂತು ಮಾಡುವವರಿದ್ದಾರೆ, ಅವರ ಅನುಭವವೂ ನನ್ನದಕ್ಕಿಂತ ಬೇರೆಯಲ್ಲ. ಇಲ್ಲಿನ ಜನ ಆಡುವುದು ವರ್‍ಹಾಡಿ ಬೆರೆತ ಮರಾಠಿ. ‘ಮಾಡ್ತಾ ಇದ್ದೀನಿ’ ಎನ್ನಲು ನಾಗಪುರದವರು ‘ಕರೂನ್ ರಾಹಿಲೊ’ ಎನ್ನುತ್ತಾರೆ. ಟ್ರಾನ್ಸ್‌ಕ್ರಿಪ್ಷನ್ ಮಾಡಿದವರು ಅದನ್ನು ಕೇಳಿದ ಹಾಗೆಯೇ ಬರೆದರೆ, ಪುಸ್ತಕದ ಮರಾಠಿ ಮಾತ್ರ ಬಲ್ಲ ಪರಿಶೀಲಕರು ಕೆಂಪು ಗುರುತು ಹಾಕಿ ‘ಕರತ್ ಆಹೆ’ ಎಂದು ತಿದ್ದುತ್ತಾರೆ. ಮಾತನಾಡಿದವರ ಬಾಯಲ್ಲಿ ಇಲ್ಲದ ಮಾತು ದಾಖಲೆಗೆ ಸೇರುತ್ತದೆ, ಇದ್ದದ್ದನ್ನು ಬರೆದವರ ಅಂಕ ಕಡಿಮೆಯಾಗುತ್ತದೆ. ಧಾರವಾಡ, ಕಲಬುರಗಿ, ರಾಯಚೂರಿನ ಮಾತಿಗೂ ಇದೇ ಗತಿ.

ಶೇಕಡಾ 99 ಎಂಬ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಪರಿಶೀಲಕರ ಬಳಿ ‘ಸರಿ’ ಎಂದು ಒಪ್ಪಿಕೊಂಡ ಒಂದು ಪಠ್ಯ ಇರುತ್ತದೆ. ನಾವು ಕಳಿಸಿದ್ದನ್ನು ಅದರ ಪಕ್ಕದಲ್ಲಿಟ್ಟು ತಂತ್ರಾಂಶ ಪದಕ್ಕೆ ಪದ ಹೋಲಿಸುತ್ತದೆ. ಬದಲಾದ ಪದ, ಬಿಟ್ಟುಹೋದ ಪದ, ಹೆಚ್ಚಾಗಿ ಸೇರಿದ ಪದ, ಈ ಮೂರನ್ನೂ ಕೂಡಿ ‘ಸರಿ’ ಪಠ್ಯದ ಒಟ್ಟು ಪದಗಳಿಂದ ಭಾಗಿಸುತ್ತದೆ. ಬಂದದ್ದು ತಪ್ಪಿನ ಪ್ರಮಾಣ, ನೂರರಲ್ಲಿ ಅದನ್ನು ಕಳೆದರೆ ನಿಖರತೆ. ಇಂಗ್ಲಿಷಿನಂಥ ಭಾಷೆಯಲ್ಲಿ ಪದ ಎಲ್ಲಿ ಮುಗಿಯುತ್ತದೆ ಎಂಬ ಬಗ್ಗೆ ಹೆಚ್ಚು ಜಗಳವಿಲ್ಲ. ಕನ್ನಡದಲ್ಲಿ ಜಗಳ ಶುರುವಾಗುವುದೇ ಅಲ್ಲಿಂದ.

ಒಬ್ಬ ರೈತರು ಸಂದರ್ಶನದಲ್ಲಿ ಹೀಗೆ ಹೇಳಿದರು ಎಂದಿಟ್ಟುಕೊಳ್ಳಿ. ನಾನದನ್ನು ಸಬ್‌ಟೈಟಲ್ ಫೈಲಿನಲ್ಲಿ ಹೀಗೆ ಕೂರಿಸಿದೆ:

```
12
00:01:04,200 --> 00:01:06,900
ಹ್ವಾದ ವರ್ಷ ಮೂರೆಕ್ರೆ ಹತ್ತಿ ಹಾಕಿದ್ವಿರಿ,
ಮಳಿ ಬರಲಿಲ್ಲ
```

ಪರಿಶೀಲಕರ ಪಠ್ಯದಲ್ಲಿ ಇದೇ ಮಾತು ‘ಹ್ವಾದ ವರ್ಷ ಮೂರು ಎಕರೆ ಹತ್ತಿ ಹಾಕಿದ್ವಿ ರೀ, ಮಳಿ ಬರಲಿಲ್ಲ’ ಎಂದಿದೆ. ಅವರದು ಒಂಬತ್ತು ಪದ, ನನ್ನದು ಏಳು. ‘ಮೂರು ಎಕರೆ’ ಎಂಬ ಎರಡು ಪದಗಳ ಜಾಗದಲ್ಲಿ ನನ್ನ ‘ಮೂರೆಕ್ರೆ’ ಇದೆ, ತಂತ್ರಾಂಶದ ಕಣ್ಣಿಗೆ ಅದು ಬದಲಾದ ಪದ ಒಂದು, ಬಿಟ್ಟುಹೋದ ಪದ ಇನ್ನೊಂದು. ‘ಹಾಕಿದ್ವಿ ರೀ’ ಮತ್ತು ‘ಹಾಕಿದ್ವಿರಿ’ ನಡುವೆಯೂ ಅಷ್ಟೇ. ಒಟ್ಟು ನಾಲ್ಕು ತಪ್ಪು, ಒಂಬತ್ತು ಪದ. ನಿಖರತೆ ಶೇಕಡಾ 56ರ ಹತ್ತಿರಕ್ಕೆ ಬಂತು. ಅರ್ಥ ಕೂದಲೆಳೆಯಷ್ಟೂ ಬದಲಾಗಿಲ್ಲ.

ಈಗ ಇನ್ನೊಬ್ಬರ ಫೈಲ್ ನೋಡಿ. ಅವರು ಪರಿಶೀಲಕರ ಹಾಗೆಯೇ ಪದ ಬಿಡಿಸಿದ್ದಾರೆ, ಆದರೆ ಅವಸರದಲ್ಲಿ ‘ಮೂರು’ ಎಂಬುದನ್ನು ‘ಆರು’ ಎಂದು ಕೇಳಿಸಿಕೊಂಡಿದ್ದಾರೆ. ಒಂಬತ್ತರಲ್ಲಿ ಒಂದೇ ತಪ್ಪು, ನಿಖರತೆ ಶೇಕಡಾ 89. ಮತ್ತೊಬ್ಬರು ಕೊನೆಯ ಪದದ ಬಾಲ ಕೇಳಿಸದೆ ‘ಬರಲಿಲ್ಲ’ವನ್ನು ‘ಬರಲಿ’ ಮಾಡಿದ್ದಾರೆ. ಅವರಿಗೂ 89. ಬೆಳೆಹಾನಿಯ ಸಮೀಕ್ಷೆಗೆ ಈ ಪಠ್ಯ ಬಳಕೆಯಾಗುವುದಾದರೆ ಒಬ್ಬರು ರೈತರ ಜಮೀನನ್ನೇ ಎರಡು ಪಟ್ಟು ಮಾಡಿದರು, ಇನ್ನೊಬ್ಬರು ಬಾರದ ಮಳೆಯನ್ನು ಹಾರೈಕೆಯಾಗಿಸಿದರು. ಅಂಕಿಯ ಪ್ರಕಾರ ಇಬ್ಬರೂ ನನಗಿಂತ ಬಹಳ ಮೇಲು. ನಮ್ಮ ಭಾಷೆಯಲ್ಲಿ ನಿಷೇಧ ಕ್ರಿಯಾಪದದ ತುದಿಯಲ್ಲಿ ಕೂರುತ್ತದೆ, ಮಾತಿನ ಓಟದಲ್ಲಿ ಮೊದಲು ಮಸುಕಾಗುವುದೂ ಆ ತುದಿಯೇ. ಎಲ್ಲಿ ಹೆಚ್ಚು ಎಚ್ಚರ ಬೇಕೋ ಅಲ್ಲಿನ ತಪ್ಪಿಗೆ ಕಡಿಮೆ ದಂಡ, ಎಲ್ಲಿ ಏನೂ ಕೆಡುವುದಿಲ್ಲವೋ ಅಲ್ಲಿ ಹೆಚ್ಚು ದಂಡ. ಇದನ್ನು ಗುಣಮಟ್ಟದ ಅಳತೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಕಣ್ಣಿಗೆ ಕಾಣದ ತಪ್ಪುಗಳೂ ಇವೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಆದ ಮೇಲೆ ಒಂದು ಅಗೋಚರ ಸಂಕೇತ ಹಾಕುತ್ತೇವೆ, ಇಲ್ಲದಿದ್ದರೆ ‘ವ’ ಒತ್ತಾಗಿ ಕೆಳಕ್ಕೆ ಇಳಿಯುತ್ತದೆ. ಕೆಲವು ಕೀಲಿಮಣೆಗಳಲ್ಲಿ ಅದು ಸುಲಭವಾಗಿ ಬರುತ್ತದೆ, ಕೆಲವು ಮೊಬೈಲ್ ಕೀಬೋರ್ಡುಗಳಲ್ಲಿ ಹುಡುಕಬೇಕು. ಒಬ್ಬರು ಹಾಕಿ ಇನ್ನೊಬ್ಬರು ಹಾಕದಿದ್ದರೆ ತಂತ್ರಾಂಶಕ್ಕೆ ಅವು ಎರಡು ಬೇರೆ ಪದ. ‘ಕೋ’ ಎಂಬ ಅಕ್ಷರದ ಓಕಾರವನ್ನೂ ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ತುಂಡುತುಂಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ವ್ಯವಸ್ಥೆ ಇಲ್ಲದಿದ್ದರೆ ಅಲ್ಲೂ ತಪ್ಪು ಬೀಳುತ್ತದೆ. ಇನ್ನು ‘ನುಡಿ’ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪಿಸಿದ ಫೈಲನ್ನು ಸಬ್‌ಟೈಟಲಿಗೆ ಹಾಕಿದರೆ ಪರದೆಯ ಮೇಲೆ ಬರುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಕಳಿಸಿದವರಿಗೆ ಗುರುತು ಸಿಗಬೇಕೆಂದರೆ ಫೈಲನ್ನು ಯಾವ ಕನ್ನಡ ಫಾಂಟೂ ಇಲ್ಲದ ಸಾದಾ ನೋಟ್‌ಪ್ಯಾಡಿನಲ್ಲಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಇಂಥದ್ದನ್ನು ಯಾರೂ ಹೇಳಿಕೊಡುವುದಿಲ್ಲ, ದಂಡ ಮಾತ್ರ ತಪ್ಪದೆ ಬೀಳುತ್ತದೆ.

ಸಬ್‌ಟೈಟಲಿನಲ್ಲಿ ಇದರ ಜೊತೆಗೆ ಓದುವ ವೇಗದ ಮಿತಿಯೂ ಸೇರುತ್ತದೆ. ಹೆಚ್ಚಿನ ಕಡೆ ನಿಯಮ ಒಂದೇ ಮಾದರಿ: ಒಮ್ಮೆಗೆ ಎರಡೇ ಸಾಲು, ಸಾಲಿಗೆ 42 ಅಕ್ಷರ, ಒಂದು ಸಬ್‌ಟೈಟಲ್ ಪರದೆಯ ಮೇಲೆ ಏಳು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು, ಸೆಕೆಂಡಿಗೆ ಇಷ್ಟೇ ಅಕ್ಷರ. ಈ ‘ಅಕ್ಷರ’ ಎಂದರೆ ಇಂಗ್ಲಿಷ್ ಲೆಕ್ಕದ ಅಕ್ಷರ. ಮೇಲಿನ ರೈತರ ಮಾತನ್ನೇ ತೆಗೆದುಕೊಳ್ಳಿ. ಕನ್ನಡ ಓದುವವರ ಕಣ್ಣಿಗೆ ಅಲ್ಲಿರುವುದು 19 ಅಕ್ಷರ. ಗುಣಿತ, ಒತ್ತು, ವಿರಾಮದ ಸಂಕೇತ, ಖಾಲಿ ಜಾಗ, ಅಲ್ಪವಿರಾಮ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿದರೆ ಅದೇ ಮಾತು 48 ಆಗುತ್ತದೆ. ‘ಕ್ರೆ’ ಒಂದಕ್ಕೇ ನಾಲ್ಕು. ಸಬ್‌ಟೈಟಲ್ ನಿಲ್ಲುವುದು 2.7 ಸೆಕೆಂಡ್, ಅಂದರೆ ಸೆಕೆಂಡಿಗೆ ಸುಮಾರು 18. ಮಿತಿ 17 ಎಂದಿದ್ದರೆ ಸಾಲು ಕೆಂಪಾಗುತ್ತದೆ. ಓದುವವರಿಗೆ ಸೆಕೆಂಡಿಗೆ ಏಳು ಅಕ್ಷರ ಓದುವುದು ಕಷ್ಟವೇನಲ್ಲ, ಆದರೆ ಕೆಂಪು ಬಣ್ಣ ಹೋಗುವವರೆಗೆ ಫೈಲ್ ಮುಂದಕ್ಕೆ ಹೋಗುವುದಿಲ್ಲ. ಆಗ ಕೆಲಸಗಾರರು ಏನು ಮಾಡುತ್ತಾರೆ? ಏನನ್ನಾದರೂ ಕತ್ತರಿಸುತ್ತಾರೆ. ಸಾಮಾನ್ಯವಾಗಿ ಮೊದಲು ಹೋಗುವುದು ವಾಕ್ಯದ ಆರಂಭದ ‘ಹ್ವಾದ ವರ್ಷ’. ನಷ್ಟ ಯಾವ ವರ್ಷದ್ದು ಎಂಬುದೇ ಮಾಯ.

ಇದರ ಪೆಟ್ಟು ತಿನ್ನುವವರು ಕಿವಿ ಕೇಳಿಸದ ಪ್ರೇಕ್ಷಕರು. ಚಿತ್ರಮಂದಿರಗಳಲ್ಲಿ ಶ್ರವಣ ಮತ್ತು ದೃಷ್ಟಿ ದೋಷವಿರುವವರಿಗೆ ಚಲನಚಿತ್ರ ಸಿಗುವಂತಾಗಬೇಕೆಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕೆಲಸ ಹೆಚ್ಚಾಗುವುದು ಖಂಡಿತ. ಆಡಿದ್ದನ್ನು ಕೇಳಿ ಸರಿಮಾಡಿಕೊಳ್ಳುವ ಅವಕಾಶ ಈ ಪ್ರೇಕ್ಷಕರಿಗಿಲ್ಲ. ಅವರಿಗೆ ಪರದೆಯ ಮೇಲಿನ ಸಾಲೇ ಸಂಭಾಷಣೆ. ಇಂಗ್ಲಿಷಿನ ಮಿತಿಗೆ ಹೊಂದಿಸಲು ಕತ್ತರಿಸಿದ ಕನ್ನಡವನ್ನು ಅವರ ಮುಂದಿಟ್ಟು ನಿಯಮ ಪಾಲಿಸಿದೆವು ಎಂದರೆ ಅದು ಮೋಸ.

ಇನ್ನು ದುಡ್ಡಿನ ಮಾತು. ನಿಮಿಷದ ದರ ಎಂದರೆ ಆಡಿಯೋದ ನಿಮಿಷ, ನಾವು ಕೂತು ದುಡಿಯುವ ನಿಮಿಷವಲ್ಲ. ಸ್ಟುಡಿಯೋದಲ್ಲಿ ಒಬ್ಬರೇ ಮಾತನಾಡಿದ, ಸ್ವಚ್ಛವಾದ ಇಂಗ್ಲಿಷ್ ಧ್ವನಿಗೆ ಒಂದು ಗಂಟೆಯ ಆಡಿಯೋ ನಾಲ್ಕು ಗಂಟೆಯ ಕೆಲಸ ಎಂಬ ರೂಢಿಯ ಲೆಕ್ಕ ಈ ಕಸುಬಿನಲ್ಲಿದೆ. ಹೊಲದಲ್ಲಿ ಮೊಬೈಲಿನಲ್ಲಿ ಹಿಡಿದ, ಗಾಳಿ ಬೀಸುವ, ಮೂವರು ಒಟ್ಟಿಗೆ ಮಾತನಾಡುವ ಕನ್ನಡಕ್ಕೆ ಆ ಲೆಕ್ಕ ಹೊಂದುವುದೇ ಇಲ್ಲ. ಹತ್ತು ನಿಮಿಷದ ಇಂಥ ಒಂದು ಫೈಲನ್ನು ಬಿಡಿಸಿ ನೋಡೋಣ. ಮೊದಲು ಒಮ್ಮೆ ಪೂರ್ತಿ ಕೇಳಬೇಕು, ಯಾರ ದನಿ ಯಾವುದು ಎಂದು ಗುರುತಿಸಿಕೊಳ್ಳಲು. ಆಮೇಲೆ ಮೂರು ನಾಲ್ಕು ಸೆಕೆಂಡಿನ ತುಂಡುಗಳಲ್ಲಿ ಹಿಂದೆ ಮುಂದೆ ಎಳೆಯುತ್ತ ಟೈಪ್ ಮಾಡಬೇಕು. ಕಾಲಿನ ಪೆಡಲ್ ಇದ್ದವರಿಗೆ ಕೈ ಕೀಬೋರ್ಡಿನ ಮೇಲೇ ಉಳಿಯುತ್ತದೆ, ಇಲ್ಲದವರು ಪ್ರತಿ ತುಂಡಿಗೂ ಕೈ ಎತ್ತಬೇಕು. ನಂತರ ಊರು, ಬೀಜದ ತಳಿ, ಸಾಲಕೊಟ್ಟ ಸಂಘದ ಹೆಸರುಗಳನ್ನು ಖಚಿತಪಡಿಸಿಕೊಳ್ಳಬೇಕು. ಕೇಳಿಸದ ಕಡೆ ‘ಅಸ್ಪಷ್ಟ’ ಎಂದು ಸಮಯದ ಸಮೇತ ಗುರುತು ಹಾಕಬೇಕು. ಕೊನೆಗೆ ಪಠ್ಯ ನೋಡುತ್ತ ಮತ್ತೊಮ್ಮೆ ಕೇಳಬೇಕು. ಒಂದೂವರೆ ಗಂಟೆ ಆರಾಮಾಗಿ ಹಿಡಿಯುತ್ತದೆ.

ಲೆಕ್ಕಕ್ಕೆಂದು ದರ ನಿಮಿಷಕ್ಕೆ 15 ರೂಪಾಯಿ ಎಂದಿಟ್ಟುಕೊಳ್ಳೋಣ. ಹತ್ತು ನಿಮಿಷಕ್ಕೆ 150, ಒಂದೂವರೆ ಗಂಟೆಯ ದುಡಿಮೆ, ಅಂದರೆ ಗಂಟೆಗೆ 100. ಯಂತ್ರದ ಕರಡು ಇದೆ ಎಂದು ದರವನ್ನು ಅರ್ಧಕ್ಕೆ ಇಳಿಸಿದರೆ ಹತ್ತು ನಿಮಿಷಕ್ಕೆ 75. ಕರಡು ಇದ್ದುದರಿಂದ ಕೆಲಸ ಒಂದು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತೆನ್ನಿ. ಗಂಟೆಗೆ ಸುಮಾರು 64 ರೂಪಾಯಿ. ದುಡಿಮೆ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಯಿತು, ದುಡ್ಡು ಅರ್ಧ ಹೋಯಿತು. ಪದ ಬಿಡಿಸಿದ ರೀತಿ ಸರಿಯಿಲ್ಲ ಎಂದು ಫೈಲ್ ವಾಪಸ್ ಬಂದು ಇನ್ನೂ ಅರ್ಧ ಗಂಟೆ ಕೂತರೆ ಗಂಟೆಗೆ 45. ದರ ಬೇರೆ ಇರಬಹುದು, ಕೆಲಸದ ವೇಗ ಬೇರೆ ಇರಬಹುದು. ನಿಮ್ಮ ಅಂಕಿಗಳನ್ನು ಹಾಕಿ ನೋಡಿ, ಇಳಿಜಾರು ಹೀಗೇ ಇರುತ್ತದೆ.

ಕರಡು ಇದ್ದರೂ ಕೆಲಸ ಯಾಕೆ ಅರ್ಧವಾಗುವುದಿಲ್ಲ ಎಂದು ಕೇಳುವವರಿಗೆ ಉತ್ತರ ಕರಡಿನಲ್ಲೇ ಇದೆ. ಯಂತ್ರ ತಪ್ಪು ಮಾಡಿದಾಗ ತಡವರಿಸುವುದಿಲ್ಲ, ಸರಾಗವಾದ ವಾಕ್ಯವನ್ನೇ ಕೊಡುತ್ತದೆ. ‘ಹಾಕಿದ್ವಿರಿ’ ಎಂಬುದು ‘ಹಾಕಿದ್ದೇವೆ’ ಆಗಿರುತ್ತದೆ, ‘ಮಳಿ’ ‘ಮಳೆ’ಯಾಗಿರುತ್ತದೆ, ಯಾರೂ ಮಾತನಾಡದ ಕಡೆ ಎಲ್ಲಿಂದಲೋ ಒಂದು ವಾಕ್ಯ ಬಂದು ಕೂತಿರುತ್ತದೆ. ಕಣ್ಣಿಗೆ ಏನೂ ಚುಚ್ಚುವುದಿಲ್ಲ. ಆದ್ದರಿಂದ ಪ್ರತಿ ಪದವನ್ನೂ ಕಿವಿಯಿಂದಲೇ ಪರೀಕ್ಷಿಸಬೇಕು. ಬೆರಳಿನ ಕೆಲಸ ಉಳಿಯುತ್ತದೆ ನಿಜ, ಆದರೆ ಈ ಕಸುಬಿನಲ್ಲಿ ಹೊತ್ತು ಹೋಗುವುದು ಬೆರಳಿಗಿಂತ ಕಿವಿಗೆ. ದೊಡ್ಡ ಭಾಷೆಗಳಿಗೆ ಹೋಲಿಸಿದರೆ ಯಂತ್ರಗಳಿಗೆ ಕಲಿಯಲು ಸಿಕ್ಕಿರುವ ಕನ್ನಡ ಧ್ವನಿ ಕಡಿಮೆ, ಅದರಲ್ಲೂ ಉಪಭಾಷೆಗಳದ್ದು ಇನ್ನೂ ಕಡಿಮೆ. ಐಐಟಿ ಮದ್ರಾಸಿನ ಎಐ4ಭಾರತ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಈ ಕೊರತೆ ತುಂಬಲು ಧ್ವನಿ ಸಂಗ್ರಹಿಸುತ್ತಿವೆ. ಅಂಥ ಸಂಗ್ರಹಕ್ಕೆ ಬೆಲೆ ಬರುವುದು ಆಡಿದ್ದನ್ನು ಆಡಿದ ಹಾಗೆ ಬರೆದವರಿಂದ. ಅರ್ಧ ರೇಟಿಗೆ ಅವಸರದಲ್ಲಿ ತಿದ್ದಿದ, ಯಂತ್ರದ ಗ್ರಾಂಥಿಕ ಕನ್ನಡವನ್ನು ಹಾಗೇ ಬಿಟ್ಟ ಪಠ್ಯ ಮತ್ತೆ ಯಂತ್ರಕ್ಕೇ ಉಣಿಸಲ್ಪಟ್ಟರೆ ಮುಂದಿನ ಯಂತ್ರಕ್ಕೂ ರೈತರ ಮಾತು ತಿಳಿಯುವುದಿಲ್ಲ.

ನಿಮಿಷದ ದರದ ಪರವಾಗಿ ಇರುವ ಒಂದು ವಾದವನ್ನು ನಾನು ಒಪ್ಪುತ್ತೇನೆ. ಕೆಲಸ ಕೊಡುವವರಿಗೆ ಖರ್ಚು ಮೊದಲೇ ಗೊತ್ತಿರಬೇಕು. ಗಂಟೆಗೆ ಇಷ್ಟು ಎಂದರೆ ನಿಧಾನ ಮಾಡಿದವರಿಗೆ ಹೆಚ್ಚು ದುಡ್ಡು ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ಕಷ್ಟವಿಲ್ಲ. ಫೈಲ್ ಒಪ್ಪಿಸುವ ಮೊದಲು ಅದರ ಬೇರೆ ಬೇರೆ ಕಡೆಯಿಂದ ಮೂರು ನಿಮಿಷ ತೆಗೆದು ಕೆಲಸಗಾರರಿಂದ ಮಾಡಿಸಿ, ಎಷ್ಟು ಹೊತ್ತು ಹಿಡಿಯಿತು ನೋಡಿ, ಆ ಹೊತ್ತಿನ ಮೇಲೆ ಇಡೀ ಫೈಲಿನ ನಿಮಿಷದ ದರ ಕಟ್ಟಿ. ಸ್ಟುಡಿಯೋ ಧ್ವನಿಗೆ ಕಡಿಮೆ, ಹೊಲದ ಧ್ವನಿಗೆ ಹೆಚ್ಚು. ಖರ್ಚೂ ಮೊದಲೇ ತಿಳಿಯುತ್ತದೆ, ದುಡಿಮೆಗೂ ಬೆಲೆ ಸಿಗುತ್ತದೆ. ಬಿಡಿ ಎಣಿಕೆಯ ಕೂಲಿ ಸಮಯದ ಕನಿಷ್ಠ ಕೂಲಿಗಿಂತ ಕೆಳಗಿಳಿಯಬಾರದು ಎಂಬುದು ಹೊಸ ಮಾತೂ ಅಲ್ಲ, 1948ರ ಕನಿಷ್ಠ ವೇತನ ಕಾಯ್ದೆಯ 17ನೇ ಕಲಂ ಅದನ್ನೇ ಹೇಳಿತ್ತು. ಫ್ರೀಲಾನ್ಸ್ ಎಂಬ ಹೆಸರಿಟ್ಟು ನಮ್ಮನ್ನು ನೌಕರರ ಪಟ್ಟಿಯಿಂದ ಹೊರಗಿಟ್ಟಿರುವುದರಿಂದ ಆ ರಕ್ಷಣೆ ನಮಗೆ ತಲುಪಿಲ್ಲ.

‘ಒಪ್ಪಿಗೆಯಿಲ್ಲದವರು ಬಿಡಬಹುದು, ಮಾಡುವವರು ಬೇಕಾದಷ್ಟಿದ್ದಾರೆ’ ಎಂಬ ಮಾತೂ ಕೇಳಿಬರುತ್ತದೆ. ಹೌದು, ಇದ್ದಾರೆ. ಅವರಲ್ಲಿ ಹೆಚ್ಚಿನವರು ಕೆಲವು ತಿಂಗಳು ಮಾಡಿ ಬಿಡುತ್ತಾರೆ, ಕಲಿತ ಕಿವಿ ಅವರ ಜೊತೆಗೇ ಹೋಗುತ್ತದೆ. ಬಳ್ಳಾರಿಯ ‘ಹಾಕಿದ್ವಿ’ಯನ್ನೂ ಮಂಗಳೂರಿನ ‘ಹಾಕಿದ್ದು’ವನ್ನೂ ಬೇರ್ಪಡಿಸಿ ಕೇಳುವ ಕಿವಿ ಒಂದು ವಾರದ ತರಬೇತಿಯಲ್ಲಿ ಬರುವುದಿಲ್ಲ.

ನಿಖರತೆಯ ಅಳತೆಗೂ ಪರ್ಯಾಯ ಇಲ್ಲದಿಲ್ಲ. ನೇರ ಪ್ರಸಾರದ ಸಬ್‌ಟೈಟಲ್‌ಗಳಿಗೆ ಯುರೋಪಿನಲ್ಲಿ ಬಳಕೆಯಲ್ಲಿರುವ ಎನ್‌ಇಆರ್ ಮಾದರಿ ತಪ್ಪುಗಳನ್ನು ತೂಕ ಹಾಕಿ ಎಣಿಸುತ್ತದೆ. ಅರ್ಥ ಪೂರ್ತಿ ಕೆಡಿಸಿ ಬೇರೆ ಅರ್ಥ ಕೊಡುವ ತಪ್ಪಿಗೆ ಒಂದು ಅಂಕ, ಮಧ್ಯಮ ತಪ್ಪಿಗೆ ಅರ್ಧ, ಓದುವವರು ಗಮನಿಸದೆ ದಾಟಿಹೋಗುವಂಥದ್ದಕ್ಕೆ ಕಾಲು. ಅರ್ಥ ಕೆಡದ ಬದಲಾವಣೆಗೆ ದಂಡವೇ ಇಲ್ಲ. ಅಲ್ಲಿ ಶೇಕಡಾ 98 ಬಂದರೆ ಒಪ್ಪತಕ್ಕದ್ದು. ಇದನ್ನು ಕನ್ನಡಕ್ಕೆ ತಂದರೆ ಸಂಖ್ಯೆ, ಹೆಸರು, ನಿಷೇಧ, ಯಾರು ಯಾರಿಗೆ ಹೇಳಿದರು ಎಂಬುದು, ಇವುಗಳ ತಪ್ಪಿಗೆ ಪೂರ್ತಿ ಅಂಕ ಹೋಗಲಿ. ಪದ ಕೂಡಿಸಿದ್ದು ಬಿಡಿಸಿದ್ದು, ಅಗೋಚರ ಸಂಕೇತ, ‘ರಿ’ ‘ರೀ’ಗಳಿಗೆ ಏನೂ ಹೋಗದಿರಲಿ. ಈ ಅಳತೆಯಲ್ಲಿ ರೈತರ ಮಾತಿನ ಮೂರು ಫೈಲುಗಳನ್ನು ಇಟ್ಟರೆ ನನ್ನದಕ್ಕೆ ದಂಡವಿಲ್ಲ, ‘ಆರು ಎಕರೆ’ಗೂ ‘ಬರಲಿ’ಗೂ ಪೂರ್ತಿ ದಂಡ. ಹೀಗೆ ಅಳೆಯಲು ಕನ್ನಡ ಬಲ್ಲ ಪರಿಶೀಲಕರು ಬೇಕು, ಅವರಿಗೆ ಸಮಯ ಬೇಕು, ಸಮಯಕ್ಕೆ ಹಣ ಬೇಕು. ಶೇಕಡಾ 99ರ ಹಟ ಉಳಿದಿರುವುದು ಆ ಹಣ ಉಳಿಸುವುದಕ್ಕಾಗಿ, ಗುಣಮಟ್ಟದ ಕಾಳಜಿಯಿಂದಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಕನ್ನಡದ ಸಂದರ್ಶನ, ಸಿನಿಮಾ, ಉಪನ್ಯಾಸಗಳನ್ನು ಪಠ್ಯಕ್ಕೆ ಇಳಿಸಲು ಕೆಲಸ ಕೊಡುವ ವಿಶ್ವವಿದ್ಯಾಲಯಗಳು, ನಿರ್ಮಾಪಕರು, ಸಂಸ್ಥೆಗಳು ಕೆಲಸದ ಆದೇಶಪತ್ರದಲ್ಲಿ ಕೆಲವು ಸಂಗತಿಗಳನ್ನು ಮೊದಲೇ ಬರೆದುಕೊಡಬೇಕು. ಆಡಿದ ಹಾಗೆ ಬರೆಯಬೇಕೇ, ಗ್ರಾಂಥಿಕಕ್ಕೆ ತರಬೇಕೇ. ಪದಗಳನ್ನು ಎಲ್ಲಿ ಬಿಡಿಸಬೇಕು. ಅಕ್ಷರ ಎಂದರೆ ಕಣ್ಣಿಗೆ ಕಾಣುವ ಅಕ್ಷರವೇ, ಯುನಿಕೋಡಿನ ಸಂಕೇತವೇ. ನಿಯಮ ನಡುವೆ ಬದಲಾದರೆ ಮರುಕೆಲಸಕ್ಕೆ ಎಷ್ಟು ಕೊಡುತ್ತೀರಿ. ಕೆಲಸ ಮಾಡುವ ಗೆಳೆಯ ಗೆಳತಿಯರೇ, ಈ ನಾಲ್ಕಕ್ಕೆ ಲಿಖಿತ ಉತ್ತರ ಬರುವವರೆಗೆ ಫೈಲ್ ತೆರೆಯಬೇಡಿ, ಪ್ರತಿ ಫೈಲಿಗೆ ನೀವು ಹಾಕಿದ ಹೊತ್ತನ್ನು ಬರೆದಿಟ್ಟುಕೊಳ್ಳಿ, ಮುಂದಿನ ದರ ಮಾತನಾಡುವಾಗ ಆ ಕಾಗದವನ್ನು ಮುಂದಿಡಿ.